ಅಂಕ ಹಂಚಿಕೆ ಇಲ್ಲದ ಉತ್ತರ ಪತ್ರಿಕೆಯ ಫೋಟೋ ಬಂದಾಗ: ಇಲ್ಲದ ಸ್ಕೀಮನ್ನು ಕಟ್ಟದೆ ಹಿಮ್ಮಾಹಿತಿ ಬರೆಯುವ ಕ್ರಮ

ಕೈಬರಹದ ಉತ್ತರ ಪತ್ರಿಕೆಯ ಫೋಟೋ ತೆಗೆದು ಕಳಿಸಿ, "ಎಲ್ಲಿ ತಪ್ಪಾಗಿದೆ ನೋಡಿ, ಎಷ್ಟು ಅಂಕ ಬರಬಹುದು ಹೇಳಿ" ಎಂದು ಕೇಳುವ ವಿದ್ಯಾರ್ಥಿಗೆ ಏನು ಬರೆದು ಕಳಿಸಬೇಕು ಎಂಬ ಪ್ರಶ್ನೆಯನ್ನು ಪಾಠ ಹೇಳುವವರೂ ಮನೆಯಲ್ಲಿ ಓದುವ ಮಕ್ಕಳಿರುವವರೂ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಇಂಥ ಫೋಟೋಗಳ ಜೊತೆಗೆ ಸಾಮಾನ್ಯವಾಗಿ ಬಾರದಿರುವುದು ಒಂದೇ, ಅದು ಅಂಕ ಹಂಚಿಕೆ. ಅಂಕ ಹಂಚಿಕೆ, ಅಥವಾ ಮೌಲ್ಯಮಾಪಕರು ಸ್ಕೀಮ್ ಎಂದು ಕರೆಯುವುದು, ಒಂದು ಉತ್ತರದ ಯಾವ ಭಾಗಕ್ಕೆ ಎಷ್ಟು ಅಂಕ ಎಂದು ಪ್ರಶ್ನೆ ಪತ್ರಿಕೆ ತಯಾರಿಸಿದವರು ಮೊದಲೇ ಬರೆದಿಟ್ಟ ಪಟ್ಟಿ. ಪ್ರಬಂಧದಂಥ ಉತ್ತರಗಳಿಗೆ ಗುಣಮಟ್ಟದ ಮೆಟ್ಟಿಲುಗಳನ್ನು ವಿವರಿಸುವ ಕೋಷ್ಟಕವನ್ನು ರೂಬ್ರಿಕ್ ಎನ್ನುತ್ತಾರೆ. ಈ ಲೇಖನದ ಮಟ್ಟಿಗೆ ಎರಡೂ ಒಂದೇ, ಏಕೆಂದರೆ ಎರಡೂ ನಮ್ಮ ಕೈಯಲ್ಲಿಲ್ಲ.

ಸ್ಕೀಮ್ ಇಲ್ಲದಿದ್ದರೂ ಮೂರು ವಿಷಯಗಳನ್ನು ಖಚಿತವಾಗಿ ಹೇಳಲು ಸಾಧ್ಯವಿದೆ. ಹಾಳೆಯ ಮೇಲೆ ಏನು ಬರೆದಿದೆ, ಬರೆದದ್ದು ವಿಷಯದ ದೃಷ್ಟಿಯಿಂದ ಸರಿಯೇ, ಮತ್ತು ಪ್ರಶ್ನೆ ಕೇಳಿದ್ದಕ್ಕೆಲ್ಲ ಅದರಲ್ಲಿ ಉತ್ತರವಿದೆಯೇ ಎಂಬವೇ ಆ ಮೂರು. ಅಂಕ ಎಷ್ಟು ಎಂಬ ನಾಲ್ಕನೆಯದನ್ನು ಹೇಳಲು ಮಾತ್ರ ಸಾಧ್ಯವಿಲ್ಲ. ಕಷ್ಟವೇನೆಂದರೆ, ಹೇಳಲಾಗದ ಆ ನಾಲ್ಕನೆಯದು ನಮಗೆ ಗೊತ್ತಿಲ್ಲದಂತೆಯೇ ಮೊದಲ ಮೂರರೊಳಗೆ ನುಸುಳಿಬಿಡುತ್ತದೆ. ಅದು ಎಲ್ಲಿ ನುಸುಳುತ್ತದೆ, ಹೇಗೆ ತಡೆಯಬೇಕು ಎಂಬುದನ್ನು ಒಂದೇ ಒಂದು ಉತ್ತರವನ್ನು ಮೊದಲಿನಿಂದ ಕೊನೆಯವರೆಗೆ ಓದಿ ತೋರಿಸುತ್ತೇನೆ.

ಉದಾಹರಣೆಗೆ ತೆಗೆದುಕೊಂಡ ಪ್ರಶ್ನೆ ಹೀಗಿದೆ: ನೆಲಮಟ್ಟದಿಂದ ಒಂದು ಚೆಂಡನ್ನು 20 m/s ವೇಗದಲ್ಲಿ ನೇರವಾಗಿ ಮೇಲಕ್ಕೆ ಎಸೆಯಲಾಗಿದೆ. ಗಾಳಿಯ ತಡೆಯನ್ನು ಕಡೆಗಣಿಸಿ, g = 10 m/s² ಎಂದು ತೆಗೆದುಕೊಳ್ಳಿ. (ಅ) ಚೆಂಡು ತಲುಪುವ ಗರಿಷ್ಠ ಎತ್ತರವನ್ನು ಕಂಡುಹಿಡಿಯಿರಿ. (ಆ) ಎಸೆದ ಜಾಗಕ್ಕೆ ಮರಳಲು ಅದಕ್ಕೆ ಎಷ್ಟು ಸಮಯ ಬೇಕು? (ಇ) ಗರಿಷ್ಠ ಎತ್ತರದಲ್ಲಿ ಚೆಂಡಿನ ವೇಗೋತ್ಕರ್ಷ ಎಷ್ಟು? ಕಾರಣ ಕೊಡಿ.

ಶುರು ಮಾಡುವ ಮೊದಲು ಬೇಕಾದವು

ಪ್ರಶ್ನೆಯ ಪೂರ್ಣ ಪಾಠ, ಉತ್ತರದ ಎಲ್ಲ ಪುಟಗಳ ಓದಬಲ್ಲ ಫೋಟೋ, ವಿದ್ಯಾರ್ಥಿ ಯಾವ ತರಗತಿಯ ಮಟ್ಟದಲ್ಲಿ ಓದುತ್ತಿದ್ದಾಳೆ ಎಂಬ ಮಾಹಿತಿ, ಬರೆಯಲು ಒಂದು ಖಾಲಿ ಹಾಳೆ. ಇಷ್ಟಿದ್ದರೆ ಸಾಕು. ಇದರ ಜೊತೆಗೆ ಒಂದು ಮಾತನ್ನು ಕೇಳಿ ತಿಳಿದುಕೊಳ್ಳಬೇಕು: ಇದು ಬರೆದು ಮುಗಿಸಿದ ಅಭ್ಯಾಸದ ಉತ್ತರವೇ, ಅಥವಾ ಇನ್ನೂ ಒಪ್ಪಿಸಬೇಕಾದ ಮೌಲ್ಯಮಾಪನದ ಭಾಗವೇ? ಒಪ್ಪಿಸಬೇಕಾದದ್ದಾದರೆ, ಹೊರಗಿನವರ ಸಹಾಯ ಪಡೆಯಲು ಅನುಮತಿ ಇದೆಯೇ ಎಂದು ಕಲಿಸುವವರನ್ನು ಕೇಳಿಬರಲು ಹೇಳಿ, ಅಲ್ಲಿಯವರೆಗೆ ಏನನ್ನೂ ಬರೆಯದಿರುವುದು ಒಳ್ಳೆಯದು.

ಪ್ರಶ್ನೆಯ ಪಾಠ ಬಂದಿಲ್ಲವಾದರೆ ಉತ್ತರದಿಂದ ಪ್ರಶ್ನೆಯನ್ನು ಊಹಿಸಿಕೊಂಡು ಮುಂದುವರಿಯಬೇಡಿ. ಉತ್ತರದಲ್ಲಿ ಗರಿಷ್ಠ ಎತ್ತರದ ಲೆಕ್ಕವಿದೆ ಎಂದ ಮಾತ್ರಕ್ಕೆ ಪ್ರಶ್ನೆ ಅದನ್ನೇ ಕೇಳಿತ್ತು ಎಂದಾಗುವುದಿಲ್ಲ. ಪ್ರಶ್ನೆಯನ್ನೇ ತಪ್ಪಾಗಿ ಓದಿಕೊಂಡು ಬರೆದ ಉತ್ತರ, ಪ್ರಶ್ನೆ ಪಕ್ಕದಲ್ಲಿಲ್ಲದೆ ಓದುವವರಿಗೆ ಸರಿಯಾಗಿಯೇ ಕಾಣುತ್ತದೆ.

ಹಂತ 1: ಉತ್ತರವನ್ನು ಓದುವ ಮೊದಲು ಫೋಟೋವನ್ನು ನೋಡಿ

ಮೊದಲ ಕೆಲಸ ಉತ್ತರವನ್ನು ಓದುವುದಲ್ಲ, ಹಾಳೆಯ ನಾಲ್ಕೂ ಮೂಲೆಗಳು ಫೋಟೋದಲ್ಲಿ ಕಾಣುತ್ತವೆಯೇ ಎಂದು ನೋಡುವುದು. ಹಾಳೆಯ ಕೆಳ ಅಂಚು ಕತ್ತರಿಸಿಹೋಗುವುದು ಬಹಳ ಸಾಮಾನ್ಯ. ಆಮೇಲೆ ಪ್ರತಿ ಪುಟದ ಕೊನೆಯ ಸಾಲನ್ನೂ ಮುಂದಿನ ಪುಟದ ಮೊದಲ ಸಾಲನ್ನೂ ಸೇರಿಸಿ ಓದಿ. ಅವು ಒಂದಕ್ಕೊಂದು ಕೂಡದಿದ್ದರೆ ನಡುವೆ ಒಂದು ಸಾಲೋ ಒಂದು ಪುಟವೋ ಬಿಟ್ಟುಹೋಗಿದೆ, ಇಲ್ಲವೇ ಪುಟಗಳ ಕ್ರಮ ತಪ್ಪಿದೆ. ಹಾಳೆ ತೆಳುವಾಗಿದ್ದರೆ ಹಿಂಬದಿಯ ಶಾಯಿ ಮುಂಬದಿಗೆ ಇಣುಕಿ ದಶಮಾಂಶದ ಚುಕ್ಕೆಯಂತೆಯೋ ಋಣ ಚಿಹ್ನೆಯಂತೆಯೋ ತೋರಬಹುದು.

ನಮ್ಮ ಉದಾಹರಣೆಯಲ್ಲಿ ಮೊದಲು ಬಂದ ಫೋಟೋ "t = u/g = 20/10 = 2 s" ಎಂಬ ಸಾಲಿಗೆ ಮುಗಿದಿತ್ತು, ಎರಡನೆಯ ಪುಟ (ಇ) ಭಾಗದಿಂದ ಶುರುವಾಗಿತ್ತು. ಪ್ರಶ್ನೆ ಕೇಳಿದ್ದು ಮರಳಿ ಬರುವ ಸಮಯವನ್ನು, ಸಿಕ್ಕಿದ್ದು ಮೇಲೇರುವ ಸಮಯ. ಆದ್ದರಿಂದ "ಇಳಿಯುವ ಸಮಯವನ್ನು ಮರೆತಿದ್ದೀಯ" ಎಂದು ನಾನು ಬರೆಯಲು ಹೊರಟಿದ್ದೆ. ಹಾಳೆಯ ಕೆಳ ಅಂಚು ಕಾಣುತ್ತಿಲ್ಲವೆಂಬುದು ಆಮೇಲೆ ಕಣ್ಣಿಗೆ ಬಿತ್ತು. ಇನ್ನೊಮ್ಮೆ ತರಿಸಿದ ಫೋಟೋದಲ್ಲಿ ಅದರ ಕೆಳಗೆ "ಒಟ್ಟು = 2 × 2 = 4 s" ಎಂಬ ಸಾಲು ಇತ್ತು. ಅವಳು ಮಾಡದ ತಪ್ಪನ್ನು ಅವಳ ತಲೆಗೆ ಕಟ್ಟುವುದು ಒಂದು ಸಾಲಿನಲ್ಲಿ ತಪ್ಪಿತು.

ಮತ್ತೆ ಫೋಟೋ ಕೇಳುವಾಗ "ಸ್ಪಷ್ಟವಾಗಿ ಕಳಿಸು" ಎಂದಷ್ಟೇ ಹೇಳಿದರೆ ಅದೇ ಫೋಟೋ ಮತ್ತೊಮ್ಮೆ ಬರುತ್ತದೆ. ಏನು ಮಾಡಬೇಕೆಂದು ಬಿಡಿಸಿ ಹೇಳಿ: ಹಾಳೆಯನ್ನು ಸಮತಟ್ಟಾದ ಜಾಗದಲ್ಲಿಟ್ಟು, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿನಿಂದ, ನಾಲ್ಕೂ ಮೂಲೆಗಳು ಕಾಣುವಂತೆ ತೆಗೆಯಬೇಕು. ಮೆಸೇಜಿಂಗ್ ಆ್ಯಪ್‌ಗಳು ಫೋಟೋವನ್ನು ಕುಗ್ಗಿಸಿ ಕಳಿಸುವುದರಿಂದ ಸಣ್ಣ ಅಕ್ಷರ, ಘಾತದ ಅಂಕಿಗಳು ಮಸುಕಾಗುತ್ತವೆ. ಫೋಟೋವಾಗಿ ಕಳಿಸುವ ಬದಲು ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲದ ಗಾತ್ರದಲ್ಲೇ ಬರುತ್ತದೆ.

ಹಂತ 2: ಬರೆದದ್ದನ್ನು ಬರೆದಂತೆಯೇ ನಕಲು ಮಾಡಿಕೊಳ್ಳಿ

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಇಡೀ ಕೆಲಸದಲ್ಲಿ ಬಿಡಬಾರದ ಹಂತ ಇದೇ. ಉತ್ತರವನ್ನು ಸಾಲುಸಾಲಾಗಿ, ಸಾಲಿಗೆ ಸಂಖ್ಯೆ ಕೊಟ್ಟು, ತಪ್ಪುಗಳ ಸಮೇತ ನಿಮ್ಮ ಹಾಳೆಗೆ ಇಳಿಸಿಕೊಳ್ಳಿ. ಓದಲಾಗದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಹೊಡೆದುಹಾಕಿದ್ದನ್ನೂ "ಹೊಡೆದಿದೆ" ಎಂದು ಗುರುತಿಸಿ ಬರೆದುಕೊಳ್ಳಿ. ನಮ್ಮ ಉತ್ತರ ಹೀಗೆ ಇಳಿಯಿತು:

1. u = 20 m/s, v = 0, g = 10
2. v² = u² − 2gh
3. 0 = 40(?) − 20h
4. h = 40/20 = 2 m
5. t = u/g = 20/10 = 2 s
6. ಒಟ್ಟು = 2 × 2 = 4 s
7. ವೇಗೋತ್ಕರ್ಷ = 10 (ಹೊಡೆದಿದೆ)
8. ಮೇಲೆ ಹೋದ ಮೇಲೆ ಚೆಂಡು ಒಂದು ಕ್ಷಣ ನಿಲ್ಲುತ್ತದೆ. ಆದ್ದರಿಂದ ವೇಗೋತ್ಕರ್ಷ = 0

ಮೂರನೆಯ ಸಾಲಿನ ಪ್ರಶ್ನಾರ್ಥಕ ಚಿಹ್ನೆಯನ್ನು ಗಮನಿಸಿ. ಅಲ್ಲಿ 40ರ ಪಕ್ಕದಲ್ಲಿ ಶಾಯಿ ಹರಡಿ ಇನ್ನೊಂದು ಸೊನ್ನೆಯೋ ಎಂಬಂತಿತ್ತು. ವಿಷಯ ಬಲ್ಲವರ ಕಣ್ಣು ಅದನ್ನು ಸರಾಗವಾಗಿ 400 ಎಂದೇ ಓದುತ್ತದೆ, ಏಕೆಂದರೆ ಅಲ್ಲಿ ಇರಬೇಕಾದದ್ದು 400. ವಿಷಯ ಚೆನ್ನಾಗಿ ತಿಳಿದಷ್ಟೂ ಕಣ್ಣು ಹೀಗೆ ತಪ್ಪನ್ನು ತಿದ್ದಿಕೊಂಡು ಓದುವುದು ಹೆಚ್ಚು. ಉದಾರವಾಗಿ ಓದಿದರೆ ನಿಜವಾದ ತಪ್ಪು ಮುಚ್ಚಿಹೋಗುತ್ತದೆ, ಬಿಗಿಯಾಗಿ ಓದಿದರೆ ಇಲ್ಲದ ತಪ್ಪು ಹುಟ್ಟುತ್ತದೆ. ಎರಡಕ್ಕೂ ಹೋಗದೆ ಹಾಳೆಯ ಮೇಲೆಯೇ ಸಾಕ್ಷಿ ಹುಡುಕಬೇಕು. ಇಲ್ಲಿ ನಾಲ್ಕನೆಯ ಸಾಲು ಆ ಸಾಕ್ಷಿ: ಅಲ್ಲಿ 40/20 ಎಂದು ಸ್ಪಷ್ಟವಾಗಿದೆ, ಉತ್ತರವೂ 2 m. ಹಾಗಾಗಿ ಮೂರನೆಯ ಸಾಲಿನಲ್ಲಿ ಬರೆದದ್ದು 40 ಎಂದೇ ಒಪ್ಪಬಹುದು. ಮುಂದಿನ ಸಾಲುಗಳಿಂದಲೂ ತಿಳಿಯದಿದ್ದರೆ ವಿದ್ಯಾರ್ಥಿಯನ್ನೇ ಕೇಳಿ. ಆದರೆ "ಅದು 400 ತಾನೇ?" ಎಂದು ಕೇಳಬೇಡಿ, ಹೌದು ಎಂಬ ಉತ್ತರವನ್ನು ನೀವೇ ಬಾಯಿಗಿಟ್ಟಂತಾಗುತ್ತದೆ. "ಮೂರನೆಯ ಸಾಲಿನಲ್ಲಿ ಏನು ಬರೆದಿದ್ದೀಯ, ಓದಿ ಹೇಳು" ಎಂದರೆ ಸಾಕು.

ಕೈಬರಹದಲ್ಲಿ ಹೆಚ್ಚಾಗಿ ಕಾಡುವ ಜೋಡಿಗಳು ಕೆಲವಿವೆ. 1 ಮತ್ತು 7, u ಮತ್ತು v, ಭಾಗಾಕಾರದ ಗೆರೆ ಮತ್ತು 1, ಇವನ್ನು ಎರಡೆರಡು ಸಲ ನೋಡಿ. ಅದೇ ವಿದ್ಯಾರ್ಥಿ ಬೇರೆ ಕಡೆ ಅದೇ ಅಕ್ಷರವನ್ನು ಹೇಗೆ ಬರೆದಿದ್ದಾಳೆ ಎಂದು ಹೋಲಿಸಿದರೆ ಬಹುಪಾಲು ಅನುಮಾನಗಳು ಅಲ್ಲೇ ತೀರುತ್ತವೆ.

ಹೊಡೆದುಹಾಕಿದ ಏಳನೆಯ ಸಾಲನ್ನು ಬರೆದುಕೊಳ್ಳಲು ಕಾರಣವಿದೆ. ಹೊಡೆದುಹಾಕಿದ್ದಕ್ಕೆ ಅಂಕ ಉಂಟೋ ಇಲ್ಲವೋ ನಮಗೆ ಸಂಬಂಧಿಸಿದ್ದಲ್ಲ. ಆದರೆ ಅವಳ ಕೈಗೆ ಮೊದಲು ಸರಿಯಾದ ಬೆಲೆ ಬಂದು, ಆಮೇಲೆ ಅವಳು ಮನಸ್ಸು ಬದಲಿಸಿದ್ದಾಳೆ ಎಂಬುದು ಹಿಮ್ಮಾಹಿತಿಗೆ ಬೆಲೆಯುಳ್ಳ ಸುಳಿವು. ಅವಳಿಗೆ g ಗೊತ್ತಿಲ್ಲದಿರುವುದಲ್ಲ, ಗೊತ್ತಿದ್ದದ್ದನ್ನು ಇನ್ನೊಂದು ತಪ್ಪು ವಿಚಾರ ಪಕ್ಕಕ್ಕೆ ತಳ್ಳಿದೆ.

ಹಂತ 3: ಪ್ರಶ್ನೆ ಏನನ್ನು ಕೇಳಿದೆ ಎಂಬುದನ್ನು ಪ್ರಶ್ನೆಯಿಂದಲೇ ತೆಗೆಯಿರಿ

ಈಗ ಉತ್ತರವನ್ನು ಪಕ್ಕಕ್ಕಿಟ್ಟು ಪ್ರಶ್ನೆಯನ್ನು ನೀವೇ ಬಿಡಿಸಿ. ಹಾಗೆಯೇ ಪ್ರಶ್ನೆಯಲ್ಲಿರುವ ಆಜ್ಞಾಪದಗಳ ಕೆಳಗೆ ಗೆರೆ ಎಳೆಯಿರಿ. ಆಜ್ಞಾಪದ ಎಂದರೆ "ಕಂಡುಹಿಡಿಯಿರಿ", "ವಿವರಿಸಿ", "ಹೋಲಿಸಿ", "ಕಾರಣ ಕೊಡಿ" ಎಂಬಂತೆ ಏನು ಮಾಡಬೇಕೆಂದು ಹೇಳುವ ಪದ. ನಮ್ಮ ಪ್ರಶ್ನೆ ಕೇಳುವುದು ನಾಲ್ಕು ಸಂಗತಿಗಳನ್ನು ಮಾತ್ರ: ಒಂದು ಎತ್ತರ, ಒಂದು ಸಮಯ, ಒಂದು ವೇಗೋತ್ಕರ್ಷ, ಆ ವೇಗೋತ್ಕರ್ಷಕ್ಕೆ ಒಂದು ಕಾರಣ.

ಸ್ಕೀಮ್ ಕಟ್ಟುವ ಚಪಲ ಮೊದಲು ಹುಟ್ಟುವುದು ಈ ಜಾಗದಲ್ಲೇ. "ಚಿತ್ರ ಬರೆಯಬೇಕಿತ್ತು", "ಸೂತ್ರದ ಹೆಸರು ಹೇಳಬೇಕಿತ್ತು", "ಮೊದಲು ದತ್ತಾಂಶ ಎಂದು ಶೀರ್ಷಿಕೆ ಕೊಡಬೇಕಿತ್ತು" ಎಂದು ನಮ್ಮ ನಮ್ಮ ಶಾಲೆಯ ದಿನಗಳ ಅಭ್ಯಾಸಗಳು ಒಂದೊಂದಾಗಿ ನೆನಪಿಗೆ ಬರುತ್ತವೆ. ಅವು ಒಳ್ಳೆಯ ಅಭ್ಯಾಸಗಳೇ ಇರಬಹುದು, ಆದರೆ ಈ ಪ್ರಶ್ನೆ ಅವನ್ನು ಕೇಳಿಲ್ಲ. ಪ್ರತಿಯೊಂದು ನಿರೀಕ್ಷೆಗೂ "ಇದನ್ನು ಪ್ರಶ್ನೆಯ ಯಾವ ಪದ ಕೇಳುತ್ತದೆ?" ಎಂದು ನಿಮಗೆ ನೀವೇ ಕೇಳಿಕೊಳ್ಳಿ. ಬೆರಳಿಟ್ಟು ತೋರಿಸಲು ಪದ ಸಿಗದಿದ್ದರೆ ಆ ನಿರೀಕ್ಷೆ ನಿಮ್ಮದು.

ನಮ್ಮ ಉತ್ತರದ ಆರನೆಯ ಸಾಲಿಗೆ ಇದನ್ನು ಅನ್ವಯಿಸಿ ನೋಡೋಣ. ಏರಲು 2 ಸೆಕೆಂಡಾದರೆ ಇಳಿಯಲೂ 2 ಸೆಕೆಂಡು ಎಂದು ಅವಳು ಏಕೆ ತೆಗೆದುಕೊಂಡಳೆಂದು ಬರೆದಿಲ್ಲ. ಗಾಳಿಯ ತಡೆ ಇಲ್ಲದಿರುವಾಗ, ಎಸೆದ ಮಟ್ಟಕ್ಕೇ ಮರಳುವಾಗ, ಅದು ಸರಿ. (ಆ) ಭಾಗ "ಎಷ್ಟು ಸಮಯ" ಎಂದು ಕೇಳಿದೆ, ಕಾರಣ ಕೇಳಿಲ್ಲ. ಹಾಗಾಗಿ ಇಲ್ಲಿ ಕಾರಣ ಬಿಟ್ಟದ್ದು ಕೊರತೆಯಲ್ಲ. (ಇ) ಭಾಗ ಕಾರಣವನ್ನು ಬಾಯಿಬಿಟ್ಟು ಕೇಳಿದೆ, ಅಲ್ಲಿ ಕಾರಣ ಬಿಟ್ಟಿದ್ದರೆ ಅದು ಕೊರತೆಯಾಗುತ್ತಿತ್ತು.

ನೀವು ಬಿಡಿಸಿದ ದಾರಿಯನ್ನೇ ಅಳತೆಗೋಲು ಮಾಡಿಕೊಳ್ಳುವುದು ಇನ್ನೊಂದು ಬಲೆ. ಎತ್ತರವನ್ನು ಶಕ್ತಿ ಸಂರಕ್ಷಣೆಯಿಂದಲೂ ಕಂಡುಹಿಡಿಯಬಹುದು, ಮೊದಲು ಸಮಯ ಕಂಡುಹಿಡಿದು ಅದರಿಂದಲೂ ಕಂಡುಹಿಡಿಯಬಹುದು. ಇಂಥ ವಿಧಾನವನ್ನೇ ಬಳಸಿ ಎಂದು ಪ್ರಶ್ನೆ ಹೇಳದಿದ್ದರೆ ಸರಿಯಾದ ಯಾವ ವಿಧಾನವೂ ಸರಿಯೇ.

ಹಂತ 4: ಕಂಡದ್ದನ್ನು ಮೂರು ಗುಂಪಾಗಿ ಬೇರ್ಪಡಿಸಿ

ನಕಲನ್ನೂ ನಿಮ್ಮ ಪರಿಹಾರವನ್ನೂ ಅಕ್ಕಪಕ್ಕ ಇಟ್ಟು ಪ್ರತಿ ಸಾಲಿನ ಎದುರು ಕಂಡದ್ದನ್ನು ಬರೆಯಿರಿ. ವಿಷಯದ ತಪ್ಪು ಒಂದು ಗುಂಪು, ಪ್ರಶ್ನೆ ಕೇಳಿದ್ದು ಬಿಟ್ಟುಹೋಗಿರುವುದು ಎರಡನೆಯದು, ಬರವಣಿಗೆಯ ಕ್ರಮಕ್ಕೆ ಸಂಬಂಧಿಸಿದ್ದು ಮೂರನೆಯದು. ಪ್ರತಿ ಟಿಪ್ಪಣಿಗೂ ಸಾಲಿನ ಸಂಖ್ಯೆ ಇರಲೇಬೇಕು. ಸಾಲಿನ ಸಂಖ್ಯೆ ಕೊಡಲಾಗದ ಟಿಪ್ಪಣಿ, ಉದಾಹರಣೆಗೆ "ಒಟ್ಟಾರೆ ಇನ್ನೂ ಆಳ ಬೇಕಿತ್ತು" ಎಂಬಂಥದ್ದು, ಸಾಮಾನ್ಯವಾಗಿ ಕಾಣದ ಸ್ಕೀಮ್ ಒಂದರಿಂದ ಬಂದದ್ದಾಗಿರುತ್ತದೆ.

ವಿಷಯದ ತಪ್ಪುಗಳು ಇಲ್ಲಿ ಎರಡು. ಮೂರನೆಯ ಸಾಲಿನಲ್ಲಿ 20ರ ವರ್ಗ 400 ಆಗಬೇಕಿದ್ದಲ್ಲಿ 40 ಆಗಿದೆ, ಎಂದರೆ ವರ್ಗ ಮಾಡುವ ಬದಲು ಎರಡರಿಂದ ಗುಣಿಸಿದ್ದಾಳೆ. ನಾಲ್ಕನೆಯ ಸಾಲಿನ 2 m ಬೇರೆ ತಪ್ಪಲ್ಲ, ಮೂರನೆಯದರ ಮುಂದುವರಿಕೆ: 40ನ್ನು 20ರಿಂದ ಭಾಗಿಸಿದರೆ 2 ಎಂಬುದು ಸರಿಯಾದ ಭಾಗಾಕಾರವೇ. ಹೀಗೆ ಹಿಂದಿನ ಸಾಲಿನ ತಪ್ಪನ್ನು ಹೊತ್ತು ತಂದು, ತಾನು ಮಾತ್ರ ಸರಿಯಾಗಿರುವ ಹೆಜ್ಜೆಯನ್ನು ಮುಂದುವರಿದ ತಪ್ಪು ಎಂದು ಕರೆಯೋಣ. ಅದನ್ನು ಎರಡನೆಯ ಸಲ ಎಣಿಸಬಾರದು. ಸರಿಯಾದ ಎತ್ತರ 400/20, ಎಂದರೆ 20 m.

ಎರಡನೆಯ ತಪ್ಪು ಎಂಟನೆಯ ಸಾಲಿನದು. ಗರಿಷ್ಠ ಎತ್ತರದಲ್ಲಿ ವೇಗ ಸೊನ್ನೆ ಎಂಬ ಅರ್ಧ ಭಾಗ ಸರಿಯಿದೆ. ಆದರೆ ವೇಗೋತ್ಕರ್ಷ ಎಂದರೆ ವೇಗ ಬದಲಾಗುವ ದರ, ವೇಗವೇ ಅಲ್ಲ. ಆ ಕ್ಷಣದಲ್ಲೂ ಗುರುತ್ವ ಬಲ ಚೆಂಡನ್ನು ಕೆಳಕ್ಕೆ ಎಳೆಯುತ್ತಲೇ ಇರುವುದರಿಂದ ವೇಗೋತ್ಕರ್ಷ 10 m/s², ಕೆಳಮುಖವಾಗಿ. ಎರಡೂ ಸೊನ್ನೆಯಾಗಿದ್ದರೆ ಚೆಂಡು ಅಲ್ಲೇ ಗಾಳಿಯಲ್ಲಿ ನಿಂತುಬಿಡುತ್ತಿತ್ತು.

ಬಿಟ್ಟುಹೋದದ್ದು ಏನೂ ಇಲ್ಲ. ಕೇಳಿದ ನಾಲ್ಕಕ್ಕೂ ಅವಳು ಏನಾದರೊಂದನ್ನು ಬರೆದಿದ್ದಾಳೆ, (ಇ) ಭಾಗಕ್ಕೆ ಕಾರಣವನ್ನೂ ಕೊಟ್ಟಿದ್ದಾಳೆ, ಆ ಕಾರಣ ತಪ್ಪು ಅಷ್ಟೇ. "ತಪ್ಪಾಗಿದೆ" ಮತ್ತು "ಬರೆದಿಲ್ಲ" ಎಂಬುದರ ನಡುವಿನ ವ್ಯತ್ಯಾಸವನ್ನು ಮಸುಕು ಮಾಡಬೇಡಿ. ಬರವಣಿಗೆಯ ಗುಂಪಿನಲ್ಲಿ ಒಂದೇ ಒಂದು: ಮೊದಲ ಸಾಲಿನಲ್ಲಿ g ಬೆಲೆಗೆ ಏಕಮಾನ ಇಲ್ಲ.

ಒಂದು ಎಚ್ಚರಿಕೆ. "ಇದು ದೊಡ್ಡ ತಪ್ಪು, ಅದು ಸಣ್ಣ ತಪ್ಪು" ಎಂದು ತೂಗತೊಡಗಿದರೆ ಅಂಕಿಗಳಿಲ್ಲದ ಸ್ಕೀಮನ್ನು ನೀವು ಆಗಲೇ ಬರೆಯತೊಡಗಿದ್ದೀರಿ. ಏಕಮಾನ ಬಿಟ್ಟದ್ದು ಒಂದು ಪರೀಕ್ಷೆಯಲ್ಲಿ ಲೆಕ್ಕಕ್ಕೇ ಬಾರದಿರಬಹುದು, ಇನ್ನೊಂದರಲ್ಲಿ ಅಂಕ ಹೋಗಬಹುದು. ಕಲಿಕೆಯ ದೃಷ್ಟಿಯಿಂದ ಯಾವುದನ್ನು ಮೊದಲು ಸರಿಪಡಿಸಬೇಕು ಎಂದು ನೀವು ಹೇಳಬಹುದು, ಅದು ನಿಮ್ಮ ತಿಳಿವಳಿಕೆಗೆ ಸೇರಿದ್ದು. ನಾನಾದರೆ ಎಂಟನೆಯ ಸಾಲನ್ನು ಮೊದಲು ಎತ್ತಿಕೊಳ್ಳುತ್ತೇನೆ. ವರ್ಗದ ತಪ್ಪು ಅವಸರದ್ದಿರಬಹುದು, ಮುಂದಿನ ಲೆಕ್ಕದಲ್ಲಿ ಬಾರದೆಯೂ ಹೋಗಬಹುದು. ವೇಗವನ್ನೂ ವೇಗೋತ್ಕರ್ಷವನ್ನೂ ಒಂದಾಗಿಸಿದ್ದು ಮಾತ್ರ ತಿದ್ದುವವರೆಗೆ ಪ್ರತಿ ಲೆಕ್ಕಕ್ಕೂ ಬರುತ್ತದೆ. ಈ ಆದ್ಯತೆಯನ್ನು ಅಂಕದ ಆದ್ಯತೆ ಎಂದು ವಿದ್ಯಾರ್ಥಿ ತಿಳಿದುಕೊಳ್ಳದಂತೆ ಬರೆಯಬೇಕು.

ಹಂತ 5: ಹಿಮ್ಮಾಹಿತಿ ಬರೆಯಿರಿ

ಹಿಮ್ಮಾಹಿತಿ ಎಂದರೆ ಬರೆದವರಿಗೆ ತಮ್ಮ ಕೆಲಸದ ಬಗ್ಗೆ ಮರಳಿ ಸಿಗುವ ಮಾಹಿತಿ. ಸ್ಕೀಮ್ ಇಲ್ಲ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡಿ. ಕೊನೆಗಿಟ್ಟರೆ ಅದು ಜಾರಿಕೊಂಡಂತೆ ಕಾಣುತ್ತದೆ. ಆಮೇಲೆ ಸರಿಯಿರುವುದನ್ನು ಸಾಲಿನ ಸಂಖ್ಯೆಯೊಡನೆ ಹೇಳಿ. ಇದು ಸಮಾಧಾನಪಡಿಸಲು ಅಲ್ಲ, ಸರಿಯಿರುವ ಸಾಲನ್ನು ಅವಳು ಗಾಬರಿಯಲ್ಲಿ ಬದಲಾಯಿಸಬಾರದು ಎಂಬ ಕಾರಣಕ್ಕೆ. ಏಳನೆಯ ಸಾಲನ್ನು ಹೊಡೆದುಹಾಕಿದವಳು ಇವಳೇ ಎಂಬುದನ್ನು ಮರೆಯಬಾರದು. ಈ ಉತ್ತರಕ್ಕೆ ನಾನು ಬರೆದದ್ದು ಇದು:

"ಈ ಪ್ರಶ್ನೆಗೆ ಅಂಕವನ್ನು ಹೇಗೆ ಹಂಚಿದ್ದಾರೆ ಎಂಬುದು ನನ್ನ ಬಳಿ ಇಲ್ಲ, ಆದ್ದರಿಂದ ಅಂಕದ ಮಾತು ಆಡುವುದಿಲ್ಲ. ಬರೆದದ್ದರ ಬಗ್ಗೆ ಮಾತ್ರ ಹೇಳುತ್ತೇನೆ. ಎರಡನೆಯ ಸಾಲಿನ ಸಮೀಕರಣದ ಆಯ್ಕೆ ಸರಿ. 5 ಮತ್ತು 6ನೆಯ ಸಾಲು ಪೂರ್ತಿ ಸರಿ, 4 s ಎಂಬುದೇ ಉತ್ತರ. ಈಗ ಎಂಟನೆಯ ಸಾಲು ನೋಡು. ಚೆಂಡು ಒಂದು ಕ್ಷಣ ನಿಲ್ಲುತ್ತದೆ ಎಂದದ್ದು ವೇಗದ ಬಗ್ಗೆ, ಅದು ನಿಜ. ಪ್ರಶ್ನೆ ವೇಗೋತ್ಕರ್ಷವನ್ನು ಕೇಳಿದೆ. ವೇಗ ಸೊನ್ನೆಯಾದ ಮರುಕ್ಷಣವೇ ಚೆಂಡು ಕೆಳಕ್ಕೆ ಹೊರಡುತ್ತದಲ್ಲ, ಅದನ್ನು ಹೊರಡಿಸುವುದು ಯಾವುದು? ಅದಕ್ಕೆ ಉತ್ತರ ಬರೆದು, ನೀನು ಹೊಡೆದುಹಾಕಿದ ಏಳನೆಯ ಸಾಲನ್ನು ಇನ್ನೊಮ್ಮೆ ಓದು. ಆ ಬೆಲೆಗೆ ಏಕಮಾನವೂ ದಿಕ್ಕೂ ಸೇರಬೇಕು. ಮೂರನೆಯ ಸಾಲಿನಲ್ಲಿ u² ಬೆಲೆಯನ್ನು ಮತ್ತೆ ಲೆಕ್ಕ ಹಾಕು. ನನಗೆ ಅದು 40 ಎಂದು ಕಾಣುತ್ತಿದೆ, ನಾಲ್ಕನೆಯ ಸಾಲೂ ಹಾಗೆಯೇ ಇದೆ. ಉತ್ತರ ಸರಿಯೇ ಎಂದು ನೀನೇ ತಾಳೆ ನೋಡಬಹುದು: ಏರುವಾಗ ವೇಗ 20ರಿಂದ ಸೊನ್ನೆಗೆ ಒಂದೇ ಸಮನೆ ಇಳಿಯುವುದರಿಂದ ಸರಾಸರಿ 10 m/s, ಏರಲು ನೀನೇ ಹೇಳಿದಂತೆ 2 s. ಹಾಗಾದರೆ ಎತ್ತರ 2 m ಆಗಲು ಸಾಧ್ಯವೇ? ಮೊದಲ ಸಾಲಿನಲ್ಲಿ g ಬೆಲೆಗೆ ಏಕಮಾನ ಬಿಟ್ಟಿದೆ."

ಈ ಟಿಪ್ಪಣಿಯಲ್ಲಿ ಎರಡು ಕೆಲಸಗಳನ್ನು ಬೇಕೆಂದೇ ಮಾಡಿದ್ದೇನೆ. ಓದುವಾಗ ಅನುಮಾನ ಬಂದ ಅಂಕಿಯನ್ನು ಬಚ್ಚಿಡದೆ, ಯಾವ ಆಧಾರದಿಂದ ಹಾಗೆ ಓದಿದೆ ಎಂದೂ ಹೇಳಿದ್ದೇನೆ. ತಪ್ಪು ಓದಿದ್ದರೆ ಅವಳು ತಿದ್ದಬಹುದು. ಎರಡನೆಯದಾಗಿ, ತಾಳೆ ನೋಡುವ ದಾರಿಯನ್ನು ಅವಳ ಉತ್ತರದೊಳಗಿನಿಂದಲೇ ತೆಗೆದಿದ್ದೇನೆ. ಅವಳ 5ನೆಯ ಸಾಲೂ 4ನೆಯ ಸಾಲೂ ಒಟ್ಟಿಗೆ ನಿಜವಾಗಿರಲಾರವು, ಅದನ್ನು ಕಾಣಲು ಯಾವ ಸ್ಕೀಮೂ ಬೇಡ.

ಬರೆದು ಮುಗಿಸಿದ ಮೇಲೆ ಕಳಿಸುವ ಮೊದಲು ಒಂದು ಸಲ ಜಾಲಾಡಿ. "ಅಂಕ ಕಡಿತ", "ಅರ್ಧ ಅಂಕ", "ಪರೀಕ್ಷಕರು ನಿರೀಕ್ಷಿಸುತ್ತಾರೆ", "ಪೂರ್ಣಾಂಕ ಬೇಕಾದರೆ", "ಕನಿಷ್ಠ ಐದು ಅಂಶ" ಎಂಬ ಮಾತುಗಳು ಎಲ್ಲಾದರೂ ಉಳಿದಿದ್ದರೆ ಅಲ್ಲೊಂದು ಸ್ಕೀಮ್ ನುಸುಳಿದೆ. ಆ ವಾಕ್ಯವನ್ನು ತೆಗೆಯಿರಿ, ಅಥವಾ ವಿಷಯದ ಮಾತಾಗಿ ತಿರುಗಿಸಿ. "ಏಕಮಾನ ಬರೆಯದಿದ್ದರೆ ಅಂಕ ಹೋಗುತ್ತದೆ" ಎಂಬುದು "ಏಕಮಾನವಿಲ್ಲದ 10 ಎಂಬುದು ಯಾವ ಪರಿಮಾಣವೆಂದು ಹೇಳುವುದಿಲ್ಲ" ಎಂದಾದರೆ ಯಾವ ಪರೀಕ್ಷೆಯಲ್ಲಿಯೂ ನಿಜವಾಗಿರುತ್ತದೆ.

ಹಂತ 6: "ಸುಮಾರಾಗಿಯಾದರೂ ಎಷ್ಟು ಅಂಕ?" ಎಂದು ಪಟ್ಟು ಹಿಡಿದಾಗ

ಕೇಳಿಯೇ ಕೇಳುತ್ತಾರೆ. "ಎರಡರಿಂದ ಮೂರರೊಳಗೆ" ಎಂದು ಅಂದಾಜು ಕೊಟ್ಟರೆ ತಪ್ಪಿಸಿಕೊಂಡೆವು ಎನಿಸುತ್ತದೆ, ಆದರೆ ಆ ಅಂದಾಜಿಗೂ ಒಂದು ಸ್ಕೀಮ್ ಬೇಕು, ಅದನ್ನು ನೀವು ಕಲ್ಪಿಸಿಕೊಂಡಿರುತ್ತೀರಿ. ಪ್ರಶ್ನೆಯ ಪಕ್ಕದಲ್ಲಿ 3 ಅಂಕ ಎಂದು ಅಚ್ಚಾಗಿದ್ದರೂ ಅದು ಒಟ್ಟು ಮೊತ್ತ ಮಾತ್ರ. ಮೂರು ಉಪಪ್ರಶ್ನೆ ಇದೆಯೆಂದು ತಲಾ ಒಂದು ಎಂದು ಹಂಚಿಬಿಡಬೇಡಿ, ಕಾರಣ ಕೇಳಿದ ಭಾಗಕ್ಕೆ ಹೆಚ್ಚು ಇಟ್ಟಿರಬಹುದು.

ಹೇಳಲಾಗದು ಎಂದು ಸುಮ್ಮನಾಗುವ ಬದಲು ಏಕೆ ಹೇಳಲಾಗದು ಎಂದು ಅವಳ ಉತ್ತರದಲ್ಲೇ ತೋರಿಸಿ. (ಅ) ಭಾಗದ ಸಮೀಕರಣ ಸರಿ, ಬೆಲೆಗಳನ್ನು ಇಟ್ಟ ಜಾಗಗಳೂ ಸರಿ, ಒಂದು ವರ್ಗ ತಪ್ಪಿ ಅಂತಿಮ ಉತ್ತರ ತಪ್ಪಾಗಿದೆ. ಅಂತಿಮ ಉತ್ತರಕ್ಕೆ ಮಾತ್ರ ಅಂಕ ಕೊಡುವ ಸ್ಕೀಮಿನಲ್ಲಿ ಈ ಭಾಗಕ್ಕೆ ಏನೂ ಸಿಗುವುದಿಲ್ಲ. ಹೆಜ್ಜೆಗಳಿಗೆ ಅಂಕ ಕೊಡುವ, ಮುಂದುವರಿದ ತಪ್ಪಿಗೆ ಮತ್ತೆ ಅಂಕ ಕಳೆಯದ ಸ್ಕೀಮಿನಲ್ಲಿ ಹೆಚ್ಚಿನದು ಸಿಗುತ್ತದೆ. ಒಂದೇ ನಾಲ್ಕು ಸಾಲು, ಎರಡು ತೀರ್ಪು. ಇವೆರಡರಲ್ಲಿ ಅವಳ ಪರೀಕ್ಷೆಯದು ಯಾವುದು ಎಂಬುದು ಹಾಳೆಯ ಮೇಲೆ ಬರೆದಿಲ್ಲ. ಹೀಗೆ ತೋರಿಸಿದರೆ "ಹಾಗಾದರೆ ನಮ್ಮ ಸ್ಕೀಮ್ ಯಾವುದು ಎಂದು ಯಾರನ್ನು ಕೇಳಲಿ?" ಎಂಬ ಪ್ರಶ್ನೆ ಅವಳಿಂದಲೇ ಬರುತ್ತದೆ. ಅದಕ್ಕೆ ಉತ್ತರ ಸುಲಭ: ಪ್ರಶ್ನೆ ಕೊಟ್ಟವರನ್ನು.

ಬೇರೆ ವರ್ಷದ, ಬೇರೆ ಮಂಡಳಿಯ, ಇದೇ ತರಹದ ಪ್ರಶ್ನೆಯ ಸ್ಕೀಮ್ ಸಿಕ್ಕಿತೆಂದು ಅದನ್ನು ಇಲ್ಲಿಗೆ ಹೊದಿಸುವುದೂ ಕಲ್ಪಿಸಿಕೊಂಡಂತೆಯೇ. ಅದು ಅಚ್ಚಾದ ಕಾಗದವಾದ್ದರಿಂದ ನಂಬಿಕೆ ಹೆಚ್ಚು ಹುಟ್ಟಿಸುತ್ತದೆ ಅಷ್ಟೇ. ಆ ಮಂಡಳಿ ಯಾವ ಬಗೆಯ ಹೆಜ್ಜೆಗಳಿಗೆ ಬೆಲೆ ಕೊಡುತ್ತಿತ್ತು ಎಂದು ತಿಳಿಯಲು ಅದನ್ನು ಓದಬಹುದು, ಈ ಉತ್ತರಕ್ಕೆ ಅಂಕ ಹಾಕಲು ಬಳಸಬಾರದು.

ಹಂತ 7: ಸ್ಕೀಮ್ ಆಮೇಲೆ ಸಿಕ್ಕರೆ

ಮೊದಲ ಹಿಮ್ಮಾಹಿತಿಯನ್ನು ತಿದ್ದಿ ಬರೆಯಬೇಡಿ. ಅದು ವಿಷಯದ ಬಗ್ಗೆ ಹೇಳಿದ್ದು, ಸ್ಕೀಮ್ ಬಂದರೂ ಅದು ಹಾಗೆಯೇ ನಿಲ್ಲಬೇಕು. ನಿಲ್ಲದಿದ್ದರೆ ಮೊದಲೇ ಏನೋ ನುಸುಳಿತ್ತು ಎಂದರ್ಥ. ಹಂತ 2ರ ನಕಲನ್ನು ಮತ್ತೆ ತೆಗೆದು, ಸಾಲಿನ ಸಂಖ್ಯೆಗಳ ಎದುರು ಸ್ಕೀಮಿನ ಅಂಕಗಳನ್ನು ಬರೆದು, ಬೇರೆ ಟಿಪ್ಪಣಿಯಾಗಿ ಕಳಿಸಿ. ನಿಮ್ಮ ಲೆಕ್ಕಕ್ಕೂ ಸ್ಕೀಮಿಗೂ ವಿಷಯದಲ್ಲೇ ವ್ಯತ್ಯಾಸ ಕಂಡರೆ, ಉದಾಹರಣೆಗೆ ಸ್ಕೀಮಿನಲ್ಲಿ (ಇ) ಭಾಗಕ್ಕೆ "ಸೊನ್ನೆ" ಎಂದೇ ಇದ್ದರೆ, ಎರಡನ್ನೂ ಮುಚ್ಚುಮರೆಯಿಲ್ಲದೆ ಮುಂದಿಡಿ: ಸ್ಕೀಮ್ ಹೀಗೆ ಹೇಳುತ್ತದೆ, ಭೌತಶಾಸ್ತ್ರ ಹೀಗೆ ಹೇಳುತ್ತದೆ, ಇದನ್ನು ಪ್ರಶ್ನೆ ಕೊಟ್ಟವರ ಗಮನಕ್ಕೆ ತರಬೇಕು ಎಂದು. ಸ್ಕೀಮಿನಲ್ಲೂ ಅಚ್ಚಿನ ತಪ್ಪುಗಳಿರುತ್ತವೆ.